ಪುಡಿ 'ಎ' ಅಂದ್ರೆ ಏನಮ್ಮಾ?

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಯಾರೋ ಒಂದು ಸೈನ್ಸ್ ಕಿಟ್ ಕೊಟ್ಟರು. ದೊಡ್ಡ ಡಬ್ಬಿ. ಮೇಲೆ ಬೆಂಕಿ ಉಗುಳುವ ಜ್ವಾಲಾಮುಖಿಯ ಚಿತ್ರ, ಪಕ್ಕದಲ್ಲಿ '20 ಪ್ರಯೋಗಗಳು' ಅಂತ ಬರೆದಿತ್ತು. ಒಳಗೆ ಪುಟ್ಟ ಪುಟ್ಟ ಪೊಟ್ಟಣಗಳು. ಒಂದರ ಮೇಲೆ ಪುಡಿ 'ಎ', ಇನ್ನೊಂದರ ಮೇಲೆ ಪುಡಿ 'ಬಿ'.

ಎರಡನ್ನೂ ನೀರಿಗೆ ಹಾಕಿದಳು. ಬುಸ್ ಅಂತ ನೊರೆ ಉಕ್ಕಿತು. ಚಪ್ಪಾಳೆ ಹೊಡೆದಳು. ಆಮೇಲೆ ಶುರುವಾಯಿತು. "ಅಮ್ಮ, ಪುಡಿ ಎ ಅಂದ್ರೆ ಏನು?" ಪುಸ್ತಕ ತಿರುವಿ ಹಾಕಿದೆ. ಎಲ್ಲೂ ಇಲ್ಲ. ವಾಸನೆ, ನುಣುಪು ನೋಡಿ ಅಡುಗೆ ಸೋಡಾ ಇರಬೇಕು, ಇನ್ನೊಂದು ನಿಂಬೆಹುಳಿ ಉಪ್ಪು ಇರಬೇಕು ಅಂದುಕೊಂಡೆ. "ಇರಬೇಕು ಅಂದ್ರೆ? ನಿಂಗೊತ್ತಿಲ್ವಾ?" ಗೊತ್ತಿರಲಿಲ್ಲ.

ಆ ಕಿಟ್ ಬಗ್ಗೆ ನನ್ನ ತಕರಾರು ಇಷ್ಟೇ. ಇಪ್ಪತ್ತರಲ್ಲಿ ಆರು ಪ್ರಯೋಗ ಅದೇ ನೊರೆಯದ್ದು, ಬೇರೆ ಬೇರೆ ಬಟ್ಟಲಲ್ಲಿ. ಅದನ್ನೂ ಸಹಿಸಬಹುದು, ಮಕ್ಕಳಿಗೆ ಒಂದೇ ಆಟ ಹತ್ತು ಸಲ ಬೇಕು. ಆದರೆ ಪೊಟ್ಟಣದ ಮೇಲೆ ಹೆಸರೇ ಇಲ್ಲದಿದ್ದರೆ ಮಗುವಿನ ಮುಂದಿನ ಪ್ರಶ್ನೆ ಅಲ್ಲೇ ನಿಲ್ಲುತ್ತದೆ. 'ಎ' ಬದಲು ಸಕ್ಕರೆ ಹಾಕಿದರೆ? ಮೊಸರು ಹಾಕಿದರೆ? ಹೋಲಿಸೋದಕ್ಕೆ ಅದು ಏನು ಅಂತ ಗೊತ್ತಿರಬೇಕಲ್ಲ! ಮೂರು ದಿನಕ್ಕೆ ಪುಡಿ ಖಾಲಿ. ಡಬ್ಬಿ ಮಂಚದ ಕೆಳಗೆ ಹೋಯಿತು.

ಅದಾಗಿ ಎರಡು ವಾರಕ್ಕೆ ಶನಿವಾರದ ಬಿಳಿ ಯೂನಿಫಾರ್ಮ್ ಮೇಲೆ ಸಾಂಬಾರು ಚೆಲ್ಲಿಕೊಂಡು ಬಂದಳು. ಬಚ್ಚಲಲ್ಲಿ ಸೋಪು ಉಜ್ಜಿದೆ. ಹಳದಿ ಕಲೆ ಕೆಂಪಗಾಯಿತು. ನಮಗೆಲ್ಲ ಇದು ಹಳೇ ಕಥೆ. ಅವಳು ಮಾತ್ರ ಕಣ್ಣರಳಿಸಿ ನಿಂತಳು. ನೀರು ಹಾಕಿ ಜಾಲಿಸಿದೆ, ಮತ್ತೆ ಹಳದಿ. "ಅಮ್ಮ, ಕೆಂಪು ಎಲ್ಲಿ ಹೋಯ್ತು?"

ಇದೊಂದು ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ತಿಂಗಳು ಓಡಿತು. ಹೇಗೆ ಓಡಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ. ಮನೆ ಪ್ರಯೋಗ ಅಂದ್ರೆ ಸುಮ್ನೆ ಅಡುಗೆಮನೆ ಗಲೀಜು ಮಾಡೋದು ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. (ಗಲೀಜಂತೂ ಆಯಿತು. ಕಟ್ಟೆಯ ಮೇಲಿನ ಹಳದಿ ಕಲೆ ಇನ್ನೂ ಇದೆ.)

ಮೊದಲು ಅರಿಶಿನವನ್ನು ನೀರಲ್ಲಿ ಕದಡಿ ಕಾಗದಕ್ಕೆ ಬಳಿದೆವು. ಸರಿಯಾಗಲಿಲ್ಲ. ಪುಡಿ ತಳಕ್ಕೆ ಕೂತಿತು, ಕಾಗದದ ಮೇಲೆ ಬರೀ ಚುಕ್ಕೆ ಚುಕ್ಕೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಲ್ಲಿ ಕರಗುವುದು ತೀರಾ ಕಡಿಮೆ. ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಕೊರೊನಾ ಕಾಲದ ನೀರಿನಂಥ ಸ್ಯಾನಿಟೈಸರ್ ಒಂದು ಬಾಟಲಿ ಉಳಿದಿತ್ತು. ಅರ್ಧ ಚಮಚ ಅರಿಶಿನಕ್ಕೆ ಎರಡು ದೊಡ್ಡ ಚಮಚ ಸ್ಯಾನಿಟೈಸರ್ ಹಾಕಿ ಕಲಸಿ, ಐದು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡೆ. ಒಲೆ ಆರಿಸಿ, ಕಿಟಕಿ ತೆಗೆದು ಮಾಡಿದ್ದು. ಅದು ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಈ ಭಾಗ ಪೂರ್ತಿ ನಂದು. ದಪ್ಪನೆಯ ಟಿಶ್ಯೂ ಕಾಗದ ಅದ್ದಿ ನೆರಳಲ್ಲಿ ಒಣಗಿಸಿ, ಬೆರಳಗಲ ಪಟ್ಟಿ ಕತ್ತರಿಸಿದೆವು. ಬಿಸಿಲಲ್ಲಿ ಒಣಗಿಸಿದರೆ ಅರಿಶಿನದ ಬಣ್ಣ ಹಾರುತ್ತದೆ. ಅರಿಶಿನದ ಕಲೆಯ ಬಟ್ಟೆಯನ್ನು ಬಿಸಿಲಿಗೆ ಹಾಕೋದು ಅದಕ್ಕೇ ಅಲ್ವಾ?

ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಟ್ಟೆವು. ನಿಂಬೆರಸ, ಮೊಸರಿನ ತಿಳಿನೀರು, ಅಡುಗೆ ಸೋಡಾ ನೀರು, ಬಟ್ಟೆ ಸೋಪಿನ ನೀರು. ಅವಳು ಹನಿ ಹಾಕಿದಳು, ನಾನು ಬರೆದುಕೊಂಡೆ. ನಿಂಬೆರಸದ ಹನಿ ಬಿದ್ದ ಕೂಡಲೇ "ಬದಲಾಯ್ತು, ಬದಲಾಯ್ತು!" ಅಂತ ಕೂಗಿದಳು. ನಿಜ, ಹಳದಿ ಸ್ವಲ್ಪ ಗಾಢವಾಗಿ ಕಾಣುತ್ತಿತ್ತು. ನಾನು ಏನೂ ಹೇಳದೆ ಇನ್ನೊಂದು ಪಟ್ಟಿಗೆ ಬರೀ ನೀರು ಹಾಕು ಅಂದೆ. ಅದೂ ಅಷ್ಟೇ ಗಾಢವಾಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ನೋಡಿದಳು. "ಒದ್ದೆ ಆದ್ರೆ ಎಲ್ಲಾ ಹೀಗೇನೇ. ನಿಂಬೆ ಏನೂ ಮಾಡಿಲ್ಲ." ಅವತ್ತಿನಿಂದ ಏನೇ ಪರೀಕ್ಷೆ ಮಾಡಿದರೂ ಒಂದು ಮುಚ್ಚಳ ಬರೀ ನೀರಿನದ್ದು. ಕಿಟ್ಟಿನ ಪುಸ್ತಕದ ಇಪ್ಪತ್ತು ಪ್ರಯೋಗದಲ್ಲಿ ಒಂದರಲ್ಲೂ ಈ ಬರೀ ನೀರಿನ ಮುಚ್ಚಳ ಇರಲಿಲ್ಲ.

ಬಟ್ಟೆ ಸೋಪು ಗಾಢ ಕೆಂಪು ಕೊಟ್ಟಿತು. ಅಡುಗೆ ಸೋಡಾ ಮಾತ್ರ ಕೈಕೊಟ್ಟಿತು, ಹಳದಿಯೂ ಅಲ್ಲದ ಕೆಂಪೂ ಅಲ್ಲದ ಮಂಕು ಬಣ್ಣ. ಇದು ನಮ್ಮ ತಪ್ಪಲ್ಲ. ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಹೇಳುವ ಅಳತೆ ಪಿಎಚ್. ಅರಿಶಿನ ಬಣ್ಣ ಬದಲಿಸುವುದು ಅದು ಸುಮಾರು 7.4ರಿಂದ 8.6ರ ನಡುವೆ ಇದ್ದಾಗ. ಅಡುಗೆ ಸೋಡಾದ ನೀರು 8.3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಬಣ್ಣ ಪೂರ್ತಿ ತಿರುಗುವ ಮುಂಚೆಯೇ. ನೆಟ್‌ನಲ್ಲಿ ನೋಡಿದ ವಿಡಿಯೋಗಳಂತೆ ರಕ್ತಗೆಂಪು ಬೇಕು ಅಂದ್ರೆ ಬಟ್ಟೆ ಸೋಡಾ ಬೇಕು.

ಕೆಂಪಾದ ಪಟ್ಟಿಗೆ ನಿಂಬೆರಸ ಬಿಟ್ಟಳು. ಮತ್ತೆ ಹಳದಿ. ಈಗ ಅಂಗಿಯ ಪ್ರಶ್ನೆಗೆ ಉತ್ತರ ಹೇಳಬಹುದಿತ್ತು. ಸೋಪಿನಂಥ ಕ್ಷಾರ ಕರ್ಕ್ಯುಮಿನ್‌ನಿಂದ ಹೈಡ್ರೋಜನ್ನಿನ ಒಂದು ಚೂರನ್ನು ಕಿತ್ತುಕೊಳ್ಳುತ್ತದೆ, ಆಗ ಅದು ಬೆಳಕನ್ನು ಹೀರುವ ರೀತಿ ಬದಲಾಗುತ್ತದೆ, ನಮಗೆ ಕೆಂಪು ಕಾಣುತ್ತದೆ. ಹುಳಿ ಆ ಚೂರನ್ನು ವಾಪಸ್ ಕೊಡುತ್ತದೆ. ನೀರು ಜಾಲಿಸಿದಾಗ ಸೋಪು ಹೋಯಿತು, ನೀರಿನಿಂದಲೇ ಚೂರು ವಾಪಸ್ ಸಿಕ್ಕಿತು. "ಹಂಗಾದ್ರೆ ಕೆಂಪು ಎಲ್ಲೂ ಹೋಗಿಲ್ಲ, ಅದೇ ಹಳದಿ" ಅಂದಳು. ಹೌದು ಪುಟ್ಟಿ, ಅದೇ.

ಅಲ್ಲಿಂದ ಅವಳು ಮನೆಯಲ್ಲಿರೋ ಸೋಪನ್ನೆಲ್ಲ ಹುಡುಕಿ ತಂದಳು. ಮೈಸೋಪು ಕೆಂಪು ಮಾಡಿತು, ಕೈತೊಳೆಯುವ ದ್ರವ ಮಾಡಲೇ ಇಲ್ಲ. "ಇದು ಸೋಪೇ ಅಲ್ವಾ ಹಂಗಾದ್ರೆ?" ಒಂದರ್ಥದಲ್ಲಿ ಅಲ್ಲ. ಗಟ್ಟಿ ಸೋಪನ್ನು ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಮಾಡುತ್ತಾರೆ, ಅದು ಕ್ಷಾರವೇ. ದ್ರವ ರೂಪದ ಎಷ್ಟೋ ಹ್ಯಾಂಡ್‌ವಾಷ್‌ಗಳು ಬೇರೆ ಡಿಟರ್ಜೆಂಟಿನವು, ಚರ್ಮಕ್ಕೆ ಹೊಂದಲಿ ಅಂತ ಸ್ವಲ್ಪ ಆಮ್ಲದ ಕಡೆಗೇ ಇಟ್ಟಿರುತ್ತಾರೆ. ಇದು ನನಗೂ ಅವತ್ತೇ ತಿಳಿದದ್ದು.

ಈಗ ನಾನು ಸಿಕ್ಕಿಬಿದ್ದ ಕಥೆಗೆ ಬರುತ್ತೇನೆ.

ನೆಂಟರ ಮದುವೆಯಲ್ಲಿ ಆರತಿ ತಟ್ಟೆಯ ಓಕುಳಿ ನೀರು ನೋಡಿ ಅವಳೇ ಹೇಳಿದಳು, "ಇದರಲ್ಲಿ ಅರಿಶಿನಕ್ಕೆ ಏನೋ ಸೋಪಿನಂಥದ್ದು ಹಾಕಿದ್ದಾರೆ." ಸುಣ್ಣ ಅಂತ ಅತ್ತೆ ಹೇಳಿದರು. ಮನೆಗೆ ಬಂದು ಮಾಡಿದೆವು. ಸುಣ್ಣವನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ. ಎಲೆ ಅಡಿಕೆಯ ಸುಣ್ಣ ಅಂತ ಸಲಿಗೆ ಬೇಡ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಮಕ್ಕಳು ಸುಣ್ಣದ ಪೊಟ್ಟಣ ಹಿಸುಕಿ ಹಾಗಾದ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ಡಾಕ್ಟರುಗಳೇ ದಾಖಲಿಸಿದ್ದಾರೆ. ಬೆಂಕಿಕಡ್ಡಿಯ ತಲೆಯಷ್ಟು ಸುಣ್ಣ ನಾನೇ ಕದಡಿದೆ, ಅವಳು ದೂರ ನಿಂತು ನೋಡಿದಳು. ನಿಂಬೆರಸ ಹಿಂಡಿದೆ. ಓಕುಳಿ ಹೋಗಿ ಹಳದಿ ನೀರಾಯಿತು.

"ಕುಂಕುಮಾನೂ ಅರಿಶಿನದಿಂದಾನೇ ಮಾಡೋದಲ್ವಾ? ಅದಕ್ಕೂ ನಿಂಬೆ ಹಾಕೋಣ." ಹಾಕಿದೆವು. ಅಂಗಡಿಯ ಕುಂಕುಮ ಕೆಂಪಗೇ ಉಳಿಯಿತು. ನಾನು ದೊಡ್ಡ ವಿಜ್ಞಾನಿಯ ಹಾಗೆ ತೀರ್ಪು ಕೊಟ್ಟೆ, "ನೋಡಿದ್ಯಾ, ಇದು ಕಲಬೆರಕೆ. ನಿಜವಾದ ಅರಿಶಿನ ಆಗಿದ್ರೆ ಹಳದಿ ಆಗಬೇಕಿತ್ತು."

ಅತ್ತೆ ಹೂ ಕಟ್ಟುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು, "ಕುಂಕುಮಕ್ಕೆ ಸುಣ್ಣ ಎಲ್ಲಿ ಹಾಕ್ತಾರಮ್ಮ? ನಮ್ಮಜ್ಜಿ ಮನೇಲಿ ಬಿಳಿಗಾರ ಹಾಕಿ, ನಿಂಬೆಹಣ್ಣಿನ ರಸದಲ್ಲೇ ಕಲಸಿ ನೆರಳಲ್ಲಿ ಒಣಗಿಸ್ತಿದ್ರು. ನಿಂಬೆ ಮೊದಲೇ ಇದೆ ಅದರಲ್ಲಿ."

ನನ್ನ ತೀರ್ಪು ಅಲ್ಲೇ ಬಿತ್ತು. ಬಿಳಿಗಾರ ಅಂದ್ರೆ ಬೋರಾಕ್ಸ್, ಅದರಲ್ಲಿ ಬೋರಾನ್ ಅನ್ನೋ ಮೂಲವಸ್ತು ಇದೆ. ಹುಳಿಯ ಜೊತೆ ಸೇರಿ ಒಣಗುವಾಗ ಬೋರಾನ್ ಕರ್ಕ್ಯುಮಿನ್‌ಗೆ ಅಂಟಿಕೊಂಡು ಬೇರೆಯದೇ ಒಂದು ಕೆಂಪಾಗುತ್ತದೆ. ಅದು ಸೋಪಿನ ಕೆಂಪಿನ ಹಾಗೆ ನಿಂಬೆ ಕಂಡ ಕೂಡಲೇ ಓಡುವುದಿಲ್ಲ. ಪ್ರಯೋಗಾಲಯಗಳಲ್ಲಿ ಬೋರಿಕ್ ಆಮ್ಲ ಇದೆಯಾ ಅಂತ ನೋಡಲು ಅರಿಶಿನದ ಕಾಗದ ಬಳಸುವುದು ಇದೇ ಕಾರಣಕ್ಕೆ. ಅಂದರೆ ನಮ್ಮ ಕುಂಕುಮ ಬಿಳಿಗಾರದ್ದೂ ಇರಬಹುದು, ಬರೀ ಕೃತಕ ಬಣ್ಣದ್ದೂ ಇರಬಹುದು. ನಿಂಬೆಹಣ್ಣು ಇದನ್ನು ಹೇಳಲಾರದು. ಬಿಳಿಗಾರ ತಂದು ಮಾಡೋಣ ಅಂತ ಹಟ ಹಿಡಿದಳು, ಬೇಡ ಅಂದೆ. ಅದು ಬಾಯಿಗೆ ಹೋಗಬಾರದ ವಸ್ತು.

ಇಷ್ಟು ಹೇಳಿದ ಮೇಲೆ ಕಿಟ್ ಎಲ್ಲಾ ದಂಡ ಅನ್ನೋ ಜನರ ಸಾಲಿಗೆ ನನ್ನನ್ನು ಸೇರಿಸಬೇಡಿ. ಮೇಲಿನ ಒಂದೊಂದಕ್ಕೂ ನಾನು ಪಕ್ಕದಲ್ಲಿ ಕೂರಬೇಕಾಯಿತು. ಎಲ್ಲರಿಗೂ ಅಷ್ಟು ಹೊತ್ತು ಎಲ್ಲಿರುತ್ತೆ? ಕೆಲಸ ಮುಗಿಸಿ ಏಳು ಗಂಟೆಗೆ ಮನೆ ಸೇರುವ ತಾಯಿಗೆ "ನೀವ್ಯಾಕೆ ಮನೇಲೇ ಮಾಡಬಾರದು" ಅಂತ ಉಪದೇಶ ಮಾಡೋದು ಸುಲಭ. ಆಮೇಲೆ ಮನೆಯಲ್ಲಿ ಹುಟ್ಟದ ಸಾಮಾನು ಕೆಲವಿದೆ. ಒಳ್ಳೆಯ ಭೂತಗನ್ನಡಿ, ಗಟ್ಟಿ ಅಯಸ್ಕಾಂತ, ಸೆಲ್ಲು, ವೈರು, ಪುಟ್ಟ ಬಲ್ಬು. ಇವು ಖಾಲಿಯಾಗುವ ಪುಡಿಗಳಲ್ಲ. ಹಾಗಾಗಿ ನಾನೀಗ ಕಿಟ್ ಕೊಳ್ಳುವಾಗ ಎರಡೇ ನೋಡುತ್ತೇನೆ. ಒಳಗಿನ ವಸ್ತುವಿಗೆ ನಿಜವಾದ ಹೆಸರು ಬರೆದಿದ್ದಾರಾ? ಪುಸ್ತಕ ಮುಗಿದ ಮೇಲೂ ಅದು ಕೆಲಸಕ್ಕೆ ಬರುತ್ತಾ? ಆ ಹಳೇ ಕಿಟ್ಟಿನಿಂದ ನಮಗೆ ಉಳಿದದ್ದು ಪ್ಲಾಸ್ಟಿಕ್ ಡ್ರಾಪರ್ ಒಂದೇ. ನಿಜ ಹೇಳಬೇಕು ಅಂದ್ರೆ, ಅರಿಶಿನದ ಪಟ್ಟಿಯ ಮೇಲೆ ಅಷ್ಟು ನೀಟಾಗಿ ಹನಿ ಬಿದ್ದದ್ದು ಅದರಿಂದಲೇ.

ಮಗಳು ಅವಳ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಕೊಂಡಿದ್ದಾಳೆ, ಹಳದಿ ಒಂದು, ಕೆಂಪು ಒಂದು. ಮೊಸರು, ಮೈಸೋಪು, ಹ್ಯಾಂಡ್‌ವಾಷ್ ಎಲ್ಲಕ್ಕೂ ಜಾಗ ಸಿಕ್ಕಿದೆ. ಕೊನೆಯಲ್ಲಿ 'ಕುಂಕುಮ' ಅಂತ ಬರೆದು, ಮುಂದೆ 'ಕಲಬೆರಕೆ' ಅಂತ ನನ್ನ ಮಾತು ಕೇಳಿ ಬರೆದಿದ್ದಳು. ಅದನ್ನು ರಬ್ಬರಿನಿಂದ ಕಾಗದ ಹರಿಯೋವಷ್ಟು ಉಜ್ಜಿ, ಮೇಲೆ ಬರೆದಿದ್ದಾಳೆ: 'ಅಮ್ಮಂಗೆ ಗೊತ್ತಿಲ್ಲ.'