ನಡುಮನೆಯ ಒತ್ತು

ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ನನಗೆ ಎರಡೇ ಕೆಲಸ. ಬೆಣ್ಣೆದೋಸೆ ಪಾರ್ಸೆಲ್ ತರುವುದು, ಪುರವಣಿಯ ಪದದಾಟ ಬಿಡಿಸುವುದು. ಅವತ್ತು ಎರಡನ್ನೂ ಒಟ್ಟಿಗೇ ಮಾಡಿದೆ. ಪೇಪರ್ ಮೇಲೇ ದೋಸೆ ಇಟ್ಟುಕೊಂಡಿದ್ದೆ.

ಆಟದಲ್ಲಿ ಕೂಡಿಸುವ ಗುರುತಿನ ಹಾಗೆ ಐದು ಮನೆ. ಎಡಕ್ಕೆ 'ಮ', ಬಲಕ್ಕೆ 'ಗೆ'. ಮೇಲೆ 'ಕ', ಕೆಳಗೆ 'ನ'. ನಡುಮನೆ ಖಾಲಿ. ಅಲ್ಲಿ ಒಂದೇ ಅಕ್ಷರ ಹಾಕಿ ಅಡ್ಡಕ್ಕೂ ಉದ್ದಕ್ಕೂ ಪದ ಮಾಡಬೇಕು.

'ನೆ' ಅಂದೆ. ಮನೆಗೆ! ಪೆನ್ನಲ್ಲೇ ಬರೆದೆ. ಮೇಲಿಂದ ಓದಿದರೆ 'ಕನೆನ'. ಹೊಡೆದುಹಾಕಿ 'ವ' ಬರೆದೆ. ಕವನ ಬಂತು, ಅಡ್ಡಕ್ಕೆ 'ಮವಗೆ' ಅಂತ ಯಾವುದೋ ಅನ್ಯಗ್ರಹದ ಮಾತು.

"ಒಂದಕ್ಷರ ಅಂದ್ರೆ ಒತ್ತು ಇರಬಾರದು ಅಂತ ಯಾರು ಹೇಳಿದ್ರು ರೀ?" ಅಂದಳು ಹೆಂಡತಿ, ಚಟ್ನಿ ಬಡಿಸುತ್ತಾ.

ಹೌದಲ್ವಾ! ವ್ಯಂಜನ, ಅದರ ಒತ್ತು, ಮೇಲೊಂದು ಗುಡಿಸು, ಎಲ್ಲ ಸೇರಿ ಒಂದೇ ಮನೆ. ಕೆಳಗೆ 'ನ', ಪಕ್ಕದಲ್ಲಿ 'ಗೆ' ಇದ್ದರೆ ಗುಡಿಸಿನ ಮೇಲೆ ಮೊದಲು ಕಣ್ಣು ಹೋಗಬೇಕಿತ್ತು. ಕಣ್ಣು ಅನ್ನುವುದು ಕಣ್ಣಿನ ಆಗುತ್ತೆ, ಮಣ್ಣು ಮಣ್ಣಿಗೆ ಆಗುತ್ತೆ. ಕೊನೆಯ 'ಉ' ಜಾಗಕ್ಕೆ 'ಇ' ಬಂದು ಕೂರುತ್ತೆ. 'ಣ್ಣಿ' ಬರೆದೆ. ಎರಡೂ ಕಡೆ ಕೂತಿತು. ಗೆದ್ದೆ ಅಂದುಕೊಂಡೆ.

"ಲ್ಲಿ ಹಾಕ್ರಿ. ಮಲ್ಲಿಗೆ, ಕಲ್ಲಿನ" ಅಂದಳು ಅವಳು. ಅದೂ ಕೂತಿತು. ಮಗಳು "ಅಪ್ಪಾ, ಬ್ಬಿ!" ಅಂದಳು. ಮಬ್ಬಿಗೆ, ಕಬ್ಬಿನ. ಅಮ್ಮ ಜಪಮಾಲೆ ಬಿಡದೇ "ತ್ತಿ ಆದ್ರೂ ಆತಲ್ಲಪ್ಪ" ಅಂದರು. ಮತ್ತಿಗೆ, ಕತ್ತಿನ. ಆ ಮಟ್ಟಿಗೆ 'ಟ್ಟಿ'ಯೂ ಸರಿ ಅಂತ ನನಗೇ ಹೊಳೆದಾಗ ಪೆನ್ನು ಕೆಳಗಿಟ್ಟೆ. ಮನೆಯಲ್ಲಿ ನಾಲ್ಕು ಜನ, ಉತ್ತರ ಐದು.

ಇಷ್ಟಕ್ಕೆ ಸುಳಿವು ಇಲ್ಲದೇ ಇರುತ್ತಾ? ಇತ್ತು. ಚೌಕದ ಪಕ್ಕದಲ್ಲಿ, ದೋಸೆಯ ಅಡಿಯಲ್ಲಿ. ಬೆಣ್ಣೆ ಕುಡಿದ ಪೇಪರ್ ಗಾಜಿನ ಹಾಗಾಗಿ, ಹಿಂದಿನ ಪುಟದ ಅಕ್ಷರಗಳು ತಿರುಗುಮುರುಗಾಗಿ ಇದರ ಮೇಲೇ ಹತ್ತಿ ಕೂತಿದ್ದವು. ದೋಸೆಗೆ ಒತ್ತಿಲ್ಲ, ಬೆಣ್ಣೆಗಿದೆ ನೋಡಿ. ಹಿಂದಕ್ಕೊಂದು ಕಪ್ಪು ಬಟ್ಟೆ ಇಟ್ಟ ಮೇಲೆ ಸುಳಿವು ಕಂಡಿತು: 'ಅಡ್ಡ: ಹೂವು. ಉದ್ದ: ದುರ್ಗದ ಕೋಟೆ ಎಂಥದ್ದು?'

ಮಣ್ಣಿಗೆ, ಮಬ್ಬಿಗೆ, ಮತ್ತಿಗೆ, ಮಟ್ಟಿಗೆ, ನಾಲ್ಕರಲ್ಲೂ 'ಗೆ' ಹಿಂದಿನಿಂದ ಬಂದು ಅಂಟಿಕೊಂಡ ಪ್ರತ್ಯಯ. ಮಲ್ಲಿಗೆಯಲ್ಲಿ ಮಾತ್ರ ಅದು ಹುಟ್ಟಿದಾಗಿನಿಂದ ಇದೆ. ಚಿತ್ರದುರ್ಗ ಇಲ್ಲೇ ಪಕ್ಕದಲ್ಲಿದೆ, ಕಲ್ಲಿನ ಕೋಟೆ ನೋಡದ ದಾವಣಗೆರೆಯವನೂ ನಾನಲ್ಲ. ಆದರೂ ಹೆಂಡತಿಯ ಕಡೆ ನೋಡಲಿಲ್ಲ.

'ಲ್ಲಿ' ಬರೆಯಲು ಹೋದೆ. ಬೆಣ್ಣೆ ಅಷ್ಟರಲ್ಲಿ ನಡುಮನೆಗೂ ಬಂದಿತ್ತು. ಬಾಲ್‌ಪೆನ್ನು ಸುಮ್ನೆ ಜಾರಿತು. 'ಲಿ' ಮೂಡಲೇ ಇಲ್ಲ. ಒತ್ತು ಮಾತ್ರ ಒಣಗಿದ್ದ ಕೆಳಮನೆಗೆ ಇಳಿದು, 'ನ' ತಲೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು.