ನೂರಾ ಒಂದನೇ ಯೂನಿಟ್

ಬಯಲುಸೀಮೆಯವರಿಗೆ ಕರೆಂಟ್ ಬಿಲ್ ಏರುವುದು ಬೇಸಿಗೆಯಲ್ಲಿ. ನಮಗೆ ಮಳೆಗಾಲದಲ್ಲಿ. ಜೂನ್ ಹಿಡಿದರೆ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಸೌದೆ ತೇವ ಹಿಡಿದು ಬಚ್ಚಲ ಒಲೆ ಬರೀ ಹೊಗೆ ಕೊಡುತ್ತದೆ. ಹಾಗಾಗಿ ಗೀಸರ್. ಹಗಲಿನಲ್ಲೂ ಅಡುಗೆಮನೆಗೆ ಲೈಟು ಬೇಕು. ಒಗೆದ ಬಟ್ಟೆಗೆ ಫ್ಯಾನು ಬೇಕು, ಫ್ಯಾನಿಗೂ ಒಣಗದ್ದಕ್ಕೆ ಇಸ್ತ್ರಿಪೆಟ್ಟಿಗೆ ಬೇಕು. ಲಿಂಗನಮಕ್ಕಿ ತುಂಬುತ್ತಿದೆ ಎಂದು ಪೇಪರಿನಲ್ಲಿ ಓದಿ ಖುಷಿಪಡುವ ವಾರದಲ್ಲೇ ಇತ್ತ ಮೀಟರೂ ತುಂಬುತ್ತಿರುತ್ತದೆ. ಶರಾವತಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದವಳು ಅಂತ ಬಿಲ್ಲಿನಲ್ಲಿ ರಿಯಾಯಿತಿ ಏನೂ ಇಲ್ಲ.

ತೀರ್ಥಹಳ್ಳಿಯ ನಮ್ಮ ದೊಡ್ಡಪ್ಪನಿಗೆ ಈ ವಿಷಯದಲ್ಲಿ ಒಂದು ಗಟ್ಟಿ ನಂಬಿಕೆ ಇತ್ತು. "ನೂರು ಯೂನಿಟ್ ದಾಟ್ತೋ, ಮೊದಲನೇ ಯೂನಿಟ್ಟಿಂದಲೇ ಜಾಸ್ತಿ ರೇಟು ಹಾಕ್ತಾರೆ ಮಾರಾಯ" ಎನ್ನುತ್ತಿದ್ದರು. ತಿಂಗಳ ಕೊನೆಯ ವಾರ ಬಂತೆಂದರೆ ಟಾರ್ಚ್ ಹಿಡಿದು ಜಗಲಿಯ ಮೀಟರ್ ಮುಂದೆ ನಿಲ್ಲುವುದು, ಹಿಂದಿನ ಬಿಲ್ಲಿನ ರೀಡಿಂಗ್ ಕಳೆಯುವುದು. ತೊಂಬತ್ತರ ಹತ್ತಿರ ಬಂದಿದ್ದರೆ ಮನೆಯಲ್ಲಿ ತುರ್ತು ಪರಿಸ್ಥಿತಿ. ಇಸ್ತ್ರಿ ಬಂದ್. ಗೀಸರ್ ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿದ್ದೂ ಉಂಟು. ದೊಡ್ಡಮ್ಮ ಚಟ್ನಿಗೆ ಮಿಕ್ಸಿ ಬಿಟ್ಟು ಒರಳಿಗೆ ಹೋಗುತ್ತಿದ್ದರು. ಹೋಗುವಾಗ ಬಾಯಿ ಮಾತ್ರ ಬಂದ್ ಇರುತ್ತಿರಲಿಲ್ಲ.

ಆ ನಂಬಿಕೆ ಆಗ ತಪ್ಪಾಗಿತ್ತು. ತಮಾಷೆ ಏನೆಂದರೆ, 2023ರಲ್ಲಿ ಅದು ಸರಿಯಾಯಿತು!

ಮೊದಲು ಹಳೆಯ ಕ್ರಮ ನೋಡೋಣ. 2023ರ ಮಾರ್ಚ್‌ವರೆಗೆ ಮನೆಗಳ ಬಳಕೆಗೆ ನಾಲ್ಕು ಸ್ಲ್ಯಾಬ್ ಇದ್ದವು. ಮೊದಲ 50 ಯೂನಿಟ್‌ಗೆ ಒಂದು ದರ, ಮುಂದಿನ 50ಕ್ಕೆ ಇನ್ನೊಂದು, ಆಮೇಲಿನ 100ಕ್ಕೆ ಮತ್ತೊಂದು, 200ರ ಮೇಲೆ ಎಷ್ಟು ಉರಿಸಿದರೂ ಕೊನೆಯದು. ಲೆಕ್ಕ ಸುಲಭವಾಗಲಿ ಅಂತ ಪೈಸೆಗಳನ್ನು ಸವರಿ, ಈ ದರಗಳನ್ನು 4, 5.50, 7 ಮತ್ತು 8 ರೂಪಾಯಿ ಎಂದಿಟ್ಟುಕೊಳ್ಳಿ. ನಿಜವಾದ ದರಗಳೂ ಇದರ ಆಸುಪಾಸಿನಲ್ಲೇ ಇದ್ದವು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಮೇಲಿನ ಸ್ಲ್ಯಾಬಿಗೆ ಕಾಲಿಟ್ಟರೂ ಕೆಳಗಿನ ಯೂನಿಟ್‌ಗಳ ದರ ಬದಲಾಗುತ್ತಿರಲಿಲ್ಲ. 100 ಯೂನಿಟ್‌ಗೆ 475 ರೂಪಾಯಿ, ಅಂದರೆ ಯೂನಿಟ್‌ಗೆ ಸರಾಸರಿ 4.75. 101 ಆದರೆ 482 ರೂಪಾಯಿ. ಸರಾಸರಿ ಏರಿದ್ದು ಎರಡು ಪೈಸೆ ಅಷ್ಟೆ. 200 ಮುಟ್ಟಿದಾಗ 1,175 ರೂಪಾಯಿ, ಸರಾಸರಿ 5.87. 300ಕ್ಕೆ ಹೋದರೆ ಸರಾಸರಿ 6.58. ಕೊನೆಯ ನೂರು ಯೂನಿಟ್‌ಗೆ 8ರಂತೆ ಕೊಟ್ಟರೂ ಸರಾಸರಿ ಎಂಟನ್ನು ಮುಟ್ಟುವುದಿಲ್ಲ. ಕೆಳಗಿನ ಅಗ್ಗದ ಯೂನಿಟ್‌ಗಳು ಅದನ್ನು ಕಾಲು ಹಿಡಿದು ಎಳೆಯುತ್ತಲೇ ಇರುತ್ತವೆ. ಒಟ್ಟಿನಲ್ಲಿ ಆಗುಂಬೆ ಘಾಟಿ ಹತ್ತಿದ ಹಾಗೆ: ಪ್ರತಿ ತಿರುವಿಗೂ ಏರು ಜಾಸ್ತಿಯಾಗುತ್ತದೆ, ಆದರೆ ಎಲ್ಲೂ ಗೋಡೆ ಎದುರಾಗುವುದಿಲ್ಲ.

ಹಾಗಾದರೆ ದೊಡ್ಡಪ್ಪ ಏಳು ರೂಪಾಯಿ ಉಳಿಸಲು ದೊಡ್ಡಮ್ಮನ ಕೈಯಲ್ಲಿ ಒರಳು ತಿರುವಿಸಿದರೇ? ಹೌದು, ಲೆಕ್ಕದ ಪ್ರಕಾರ ಹಾಗೇ. ಇದನ್ನು ಯಾರೂ ದೊಡ್ಡಮ್ಮನಿಗೆ ಹೇಳಲಿಲ್ಲ.

ಮನೆಯಲ್ಲಿ ಇನ್ನೊಂದು ಲೆಕ್ಕವೂ ಓಡುತ್ತಿತ್ತು. ದೊಡ್ಡಪ್ಪನ ಮಗಳು ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ, "ಅಪ್ಪಾ, ಜಾಸ್ತಿ ಸುಟ್ಟಷ್ಟೂ ಯೂನಿಟ್ ಅಗ್ಗ ಆಗ್ತಿದೆ" ಎಂದಳು. ಅವಳ ಭಾಗಾಕಾರ ಸರಿಯಾಗಿಯೇ ಇತ್ತು. ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಒಂದಿದೆ. ಮಂಜೂರಾದ ಲೋಡಿನ ಮೇಲೆ, ಕಿಲೋವ್ಯಾಟಿಗೆ ಇಷ್ಟು ಅಂತ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ಬರುತ್ತದೆ. ಎರಡು ಕಿಲೋವ್ಯಾಟಿನ ಮನೆಗೆ ಅದು 200 ರೂಪಾಯಿ ಎಂದುಕೊಳ್ಳಿ. 50 ಯೂನಿಟ್ ಸುಟ್ಟವರಿಗೆ ಒಟ್ಟು ಬಿಲ್ 400, ಯೂನಿಟ್‌ಗೆ 8 ರೂಪಾಯಿ ಬಿದ್ದ ಹಾಗಾಯಿತು. 100 ಸುಟ್ಟವರಿಗೆ 675, ಯೂನಿಟ್‌ಗೆ 6.75. ಇಳಿಯಿತು, ಅಲ್ವಾ? ಆದರೆ 200ರಲ್ಲಿ ಅದು 6.87 ಆಗುತ್ತದೆ, 300ರಲ್ಲಿ 7.25. ನಿಗದಿತ ಶುಲ್ಕ ಹಂಚಿಹೋಗುತ್ತಾ ಸರಾಸರಿಯನ್ನು ಕೆಳಗೆಳೆಯುತ್ತದೆ, ಸ್ಲ್ಯಾಬು ಮೇಲೆಳೆಯುತ್ತದೆ. ನೂರರವರೆಗೆ ಒಬ್ಬನ ಕೈ ಮೇಲು, ಆಮೇಲೆ ಇನ್ನೊಬ್ಬನದು.

ಹಾಗಾಗಿ ಗೀಸರ್ ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಒಟ್ಟು ಬಿಲ್ಲಿನ ಸರಾಸರಿ ಉತ್ತರ ಕೊಡುವುದಿಲ್ಲ. ಗೀಸರ್ ಇಲ್ಲದ ಬಿಲ್ ಎಷ್ಟು, ಇದ್ದರೆ ಎಷ್ಟು, ಎರಡರ ನಡುವಿನ ವ್ಯತ್ಯಾಸ ನೋಡಬೇಕು. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಿಂಗಳಿಗೆ 30. ದೊಡ್ಡಪ್ಪನ ಮನೆಯ ಮಾಮೂಲಿ ಬಳಕೆ 85. ಗೀಸರ್ ಸೇರಿದರೆ 115. ಹಳೆಯ ಕ್ರಮದಲ್ಲಿ ಈ 30ರಲ್ಲಿ 15 ಯೂನಿಟ್ ಎರಡನೇ ಸ್ಲ್ಯಾಬಿಗೆ, 15 ಮೂರನೆಯದಕ್ಕೆ ಬೀಳುತ್ತಿತ್ತು. ಖರ್ಚು 187 ರೂಪಾಯಿ 50 ಪೈಸೆ. ಬಿಸಿನೀರಿನ ಯೂನಿಟ್‌ಗೆ 6.25.

ಈಗ 2023ಕ್ಕೆ ಬರೋಣ. ಆ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹೊಸ ದರದ ಆದೇಶ ಹೊರಡಿಸಿತು. ನಾಲ್ಕು ಸ್ಲ್ಯಾಬ್ ಹೋಗಿ ಎರಡಾದವು. 100 ಯೂನಿಟ್‌ವರೆಗೆ 4.75. ನೂರು ದಾಟಿದರೆ 7 ರೂಪಾಯಿ, ಅದೂ ಎಲ್ಲ ಯೂನಿಟ್‌ಗೂ, ಮೊದಲನೆಯದರಿಂದಲೇ. ದೊಡ್ಡಪ್ಪ ಅಷ್ಟು ವರ್ಷ ಹೇಳಿಕೊಂಡು ಬಂದದ್ದು ಅಕ್ಷರಶಃ ಇದನ್ನೇ. ಆದೇಶ ಅವರನ್ನೇ ಕೇಳಿ ಬರೆದ ಹಾಗಿತ್ತು. "ನೋಡ್ದ್ಯಾ?" ಎಂದರು, ಬೇರೆ ಏನೂ ಹೇಳಲಿಲ್ಲ.

ಇಲ್ಲಿ ಘಾಟಿ ಮುಗಿದು ಗೋಡೆ ಬಂತು. 100 ಯೂನಿಟ್‌ಗೆ 475 ರೂಪಾಯಿ. 101ಕ್ಕೆ 707. ಆ ಒಂದು ಯೂನಿಟ್‌ನ ಬೆಲೆ 232 ರೂಪಾಯಿ! ಇದರ ಮೇಲೆ ಶೇಕಡಾ 9 ವಿದ್ಯುತ್ ತೆರಿಗೆ ಸೇರಿಸಿದರೆ 252 ರೂಪಾಯಿ 88 ಪೈಸೆ. ಒಂದು ಯೂನಿಟ್ ಅಂದರೆ ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ನೂರು ಗಂಟೆ ಉರಿಯುವಷ್ಟು. ಜಗಲಿಯ ಲೈಟು ಆರಿಸಲು ಕೆಲವು ರಾತ್ರಿ ಮರೆತರೆ ಸಾಕು. ಗೀಸರಿನ ಲೆಕ್ಕ ಇನ್ನೂ ಮಜವಾಗಿದೆ. 85 ಯೂನಿಟ್‌ಗೆ ಸುಮಾರು 404 ರೂಪಾಯಿ, 115ಕ್ಕೆ 805. ಬಿಸಿನೀರಿನ 30 ಯೂನಿಟ್‌ಗೆ 401 ರೂಪಾಯಿ, ಅಂದರೆ ಯೂನಿಟ್‌ಗೆ 13ರ ಮೇಲೆ. ದರಪಟ್ಟಿಯಲ್ಲಿ 13 ರೂಪಾಯಿ ಅಂತ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ವಿಚಿತ್ರವೂ ಇದರಲ್ಲಿ ಅಡಗಿತ್ತು. ನೂರು ದಾಟಿದ ಮೇಲೆ ದರ ಎಷ್ಟೇ ಸುಟ್ಟರೂ ಏಳೇ. ಹಳೆಯ ಕ್ರಮದಲ್ಲಿ ದೊಡ್ಡ ಮನೆಯವರು ಕೊನೆಯ ಯೂನಿಟ್‌ಗಳಿಗೆ 8 ಕೊಡುತ್ತಿದ್ದರು. ತಿಂಗಳಿಗೆ ನಾನೂರರ ಆಸುಪಾಸು ದಾಟುವ ಮನೆಗೆ ಯೂನಿಟ್ ಲೆಕ್ಕದಲ್ಲಿ ಹೊಸ ಕ್ರಮವೇ ಅಗ್ಗವಾಯಿತು. ಎಲ್ಲಕ್ಕಿಂತ ಜೋರಾಗಿ ಪೆಟ್ಟು ಬಿದ್ದದ್ದು 101ರಿಂದ 150ರ ನಡುವೆ ಓಡಾಡುವ ಸಾಮಾನ್ಯ ಮನೆಗಳಿಗೆ. ಸ್ಲ್ಯಾಬ್ ಅನ್ನುವುದೇ ಕಡಿಮೆ ಬಳಸುವವರಿಗೆ ಕಡಿಮೆ ಅಂತ ಹುಟ್ಟಿದ್ದು. ಹಾಗಿರುವಾಗ ಇದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಇಂಥ ಗೋಡೆಯ ಬುಡದಲ್ಲಿ ಇರುವವರು ಬಿಲ್ಲಿನಲ್ಲಿ ಮೊತ್ತಕ್ಕಿಂತ ಮೊದಲು ತಾರೀಕು ನೋಡಬೇಕು. ಹಿಂದಿನ ರೀಡಿಂಗ್ ಯಾವತ್ತು, ಈಗಿನದು ಯಾವತ್ತು? ದಿನಕ್ಕೆ 3.2 ಯೂನಿಟ್ ಸುಡುವ ಮನೆ 30 ದಿನಕ್ಕೆ 96ರಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಬರುವ ಮೀಟರ್ ರೀಡರ್ ಮೂರು ದಿನ ತಡವಾದರೆ ಅದೇ ಮನೆ 105 ತೋರಿಸುತ್ತದೆ. ಬಳಕೆ ಚೂರೂ ಜಾಸ್ತಿಯಾಗಿಲ್ಲ, ದಿನ ಜಾಸ್ತಿಯಾಗಿದೆ. ದಿನಕ್ಕೆ ತಕ್ಕಂತೆ ಮಿತಿಯನ್ನೂ ಹಿಗ್ಗಿಸಿ ಲೆಕ್ಕ ಹಾಕಿದ್ದಾರೋ ಇಲ್ಲವೋ ಅನ್ನುವುದನ್ನು, ಯಾವ ದರಕ್ಕೆ ಎಷ್ಟು ಯೂನಿಟ್ ಅಂತ ಬಿಲ್ಲಿನಲ್ಲಿ ಬಿಡಿಸಿ ಬರೆದ ಸಾಲು ನೋಡಿ ತಿಳಿಯಬೇಕು.

ದೊಡ್ಡಪ್ಪನ ಗೆಲುವು ಜಾಸ್ತಿ ದಿನ ಉಳಿಯಲಿಲ್ಲ. 2024ರ ಏಪ್ರಿಲ್‌ನಿಂದ ಸ್ಲ್ಯಾಬೇ ಹೋಯಿತು. ಎಲ್ಲ ಯೂನಿಟ್‌ಗೂ 5.90 ಅಂತಾಯಿತು. 2025ರ ಏಪ್ರಿಲ್‌ನಿಂದ ಅದು 5.80, ಜೊತೆಗೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120 ಇದ್ದದ್ದು 145 ಆಯಿತು. ಗೀಸರಿನ ಯೂನಿಟ್ಟಿಗೂ ದೇವರ ಮುಂದಿನ ಪುಟ್ಟ ಬಲ್ಬಿನ ಯೂನಿಟ್ಟಿಗೂ ಒಂದೇ ಬೆಲೆ.

ಆದರೆ ಗೋಡೆ ಹೋಗಲಿಲ್ಲ, ಜಾಗ ಬದಲಾಯಿಸಿತು. 2023ರ ಆಗಸ್ಟ್‌ನ ಬಿಲ್ಲಿನಿಂದ ಗೃಹಜ್ಯೋತಿ ಬಂದಿತ್ತಲ್ಲ. ಅದರಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದ್ದು ನಿಮ್ಮ ಪಾಲು. ತೀರಾ ಕಡಿಮೆ, 48 ಯೂನಿಟ್‌ಗಿಂತ ಕೆಳಗೆ ಬಳಸುವವರಿಗೆ ಆಮೇಲೆ ಶೇಕಡಾ 10ರ ಬದಲು 10 ಯೂನಿಟ್ ಕೊಟ್ಟರು. ಪಾಲು ಮೀರಿ 200ರೊಳಗೆ ಇದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್.

ಪಕ್ಕದ ಮನೆಯವರ ಆ ವರ್ಷದ ಸರಾಸರಿ 160. ಅವರು ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿದವರಲ್ಲ. ಅವರ ಪಾಲು 176. ಮಳೆಗಾಲದಲ್ಲಿ 200 ಬಂದರೆ 24 ಯೂನಿಟ್‌ಗೆ 5.80ರಂತೆ 139 ರೂಪಾಯಿ. 201 ಬಂದರೆ ಯೂನಿಟ್ ಲೆಕ್ಕವೇ 1,165 ರೂಪಾಯಿ 80 ಪೈಸೆ, ಅದರ ಹಿಂದೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸಾಲಾಗಿ ಬರುತ್ತವೆ. ಇಲ್ಲಿ ಕೊನೆಯ ಯೂನಿಟ್‌ನ ಬೆಲೆ ಸಾವಿರ ರೂಪಾಯಿಗೂ ಮೇಲೆ.

ದೊಡ್ಡಪ್ಪನ ಪಾಲು? ಕಷ್ಟಪಟ್ಟು 85ರಲ್ಲಿ ಹಿಡಿದಿಟ್ಟಿದ್ದರಲ್ಲ, ಅದಕ್ಕೆ 93 ಚಿಲ್ಲರೆ. ಗೀಸರ್ ಹಾಕಿದ ತಿಂಗಳು 115 ಬಂದರೆ ಸುಮಾರು 21 ಯೂನಿಟ್‌ಗೆ ದುಡ್ಡು ಕೊಡಬೇಕು. ಅಷ್ಟೇ ಸುಟ್ಟರೂ ಪಕ್ಕದ ಮನೆಗೆ ಸೊನ್ನೆ ಬಿಲ್. ಇದನ್ನು ಬ್ಯಾಂಕಿನ ಮಗಳು ಊಟಕ್ಕೆ ಕೂತಾಗ ಬಿಡಿಸಿ ಹೇಳಿದಳು. ದೊಡ್ಡಮ್ಮ ಸಾರಿನ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದರು. "ಆ ವರ್ಷ ದಿನಾ ಬಿಸಿನೀರು ಕಾಯಿಸಿದ್ದಿದ್ರೆ ಈಗ ಸರ್ಕಾರವೇ ಕಾಯಿಸಿ ಕೊಡ್ತಿತ್ತು" ಎಂದರು. ದೊಡ್ಡಪ್ಪ ಮಜ್ಜಿಗೆ ಕೇಳಿದರು.