ರೈಲಿನ ಹೆಸರಲ್ಲ, ಮೊದಲನೇ ಅಂಕಿ ನೋಡಿ

ನಮ್ಮ ಜನ ರೈಲನ್ನು ಹೆಸರಿನಿಂದ ಗುರುತಿಸುತ್ತಾರೆ. ಚೆನ್ನಮ್ಮ, ಹಂಪಿ, ಬಸವ, ಗೋಲಗುಂಬಜ್. ತಪ್ಪೇನಿಲ್ಲ, ಕೇಳೋಕೂ ಚೆನ್ನಾಗಿರುತ್ತೆ. ಆದರೆ ಟಿಕೆಟ್‌ಗೆ ಎಷ್ಟು ದುಡ್ಡು ಕೊಡಬೇಕು, ಸೀಟು ಕಾಯ್ದಿರಿಸಬೇಕಾ ಬೇಡವಾ, ಮುಂದಿನ ತಿಂಗಳೂ ಈ ರೈಲು ಇರುತ್ತದಾ ಎಂಬುದನ್ನು ಹೆಸರು ಹೇಳುವುದಿಲ್ಲ. ಐದು ಅಂಕಿಯ ನಂಬರಿನ ಮೊದಲನೇ ಅಂಕಿ ಇದನ್ನೆಲ್ಲ ಬಹುಮಟ್ಟಿಗೆ ಹೇಳಿಬಿಡುತ್ತದೆ. ಅದನ್ನು ಓದೋದು ಕಲಿತರೆ ದುಡ್ಡೂ ಉಳಿಯುತ್ತೆ, ಟಿಟಿ ಜೊತೆ ಜಗಳವೂ ತಪ್ಪುತ್ತೆ. ಇನ್ನೊಂದು ವಿಷಯ ಇದೆ. ಈ ಅಂಕಿಯನ್ನೇ ಮುಂದಿಟ್ಟುಕೊಂಡು ಸಾಮಾನ್ಯ ಪ್ರಯಾಣಿಕರ ಜೇಬಿಗೆ ವರ್ಷಗಟ್ಟಲೆ ಕತ್ತರಿ ಬಿದ್ದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಐದು ಅಂಕಿಯ ಪದ್ಧತಿ ಶುರುವಾಗಿದ್ದು 2010ರ ಡಿಸೆಂಬರ್ 20ರಂದು. ಅದಕ್ಕೂ ಮೊದಲು ಎಕ್ಸ್‌ಪ್ರೆಸ್ ರೈಲುಗಳಿಗೆ ನಾಲ್ಕೇ ಅಂಕಿ. ಕರ್ನಾಟಕ ಎಕ್ಸ್‌ಪ್ರೆಸ್ ಆಗ 2627, ರಾಣಿ ಚೆನ್ನಮ್ಮ 6589. ಇವುಗಳ ಮುಂದೆ ಒಂದು 1 ಸೇರಿಸಿದರು, 12627 ಮತ್ತು 16589 ಆದವು, ಅಷ್ಟೇ. ಮುಂದೆ ಹೊಸ ರೈಲುಗಳಿಗೆ ನಂಬರ್ ಸಾಲದೆ ಬಂದಾಗ 2ರಿಂದ ಶುರುವಾಗುವ ನಂಬರ್ ಕೊಟ್ಟರು. ಚೆನ್ನೈ–ಮೈಸೂರು ವಂದೇ ಭಾರತ್ 20607, ಬೆಂಗಳೂರು–ಧಾರವಾಡ ವಂದೇ ಭಾರತ್ 20661.

ಹಾಗಾಗಿ 1ಕ್ಕಿಂತ 2 ದೊಡ್ಡ ದರ್ಜೆ ಅಂತ ತಿಳಿಯಬೇಡಿ. ಎರಡೂ ಒಂದೇ ಗುಂಪು: ದೂರ ಓಡುವ, ಟೈಮ್ ಟೇಬಲ್‌ನಲ್ಲಿ ಕಾಯಂ ಜಾಗ ಇರುವ ರೈಲುಗಳು. ಈ ಗುಂಪಿನಲ್ಲಿ ಸೂಪರ್‌ಫಾಸ್ಟ್ ಯಾವುದು ಅಂತ ತಿಳಿಯಲು ಎರಡನೇ ಅಂಕಿಯನ್ನೂ ಸೇರಿಸಿ ನೋಡಬೇಕು. 12, 22, 20 ಅಂತ ಶುರುವಾದರೆ ಸಾಮಾನ್ಯವಾಗಿ ಸೂಪರ್‌ಫಾಸ್ಟ್. 16, 17 ಅಂತಿದ್ದರೆ ಬರೀ ಎಕ್ಸ್‌ಪ್ರೆಸ್.

ಈ 16, 17ರ ಹಿಂದೆ ನಮ್ಮ ರಾಜ್ಯದ ರೈಲ್ವೆ ಚರಿತ್ರೆಯೇ ಇದೆ. ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ. ಬೆಂಗಳೂರು, ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಿಂದ ಬಂದವು, ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಯಿಂದ. ದಕ್ಷಿಣ ರೈಲ್ವೆಯ ಅಂಕಿ 6, ದಕ್ಷಿಣ ಮಧ್ಯದ್ದು 7. ಹೊಸ ವಲಯ ಎರಡನ್ನೂ ಉಳಿಸಿಕೊಂಡಿತು. ಅದಕ್ಕೇ ಚೆನ್ನಮ್ಮ 16ರಲ್ಲಿದೆ, ಬಾಗಲಕೋಟೆಯ ಬಸವ ಎಕ್ಸ್‌ಪ್ರೆಸ್ 17307. ಸ್ಪೆಷಲ್ ರೈಲುಗಳಲ್ಲೂ ಹೀಗೇ. 06 ಅಂದರೆ ಹೆಚ್ಚಾಗಿ ಬೆಂಗಳೂರು–ಮೈಸೂರು ಕಡೆಯದು, 07 ಅಂದರೆ ಹುಬ್ಬಳ್ಳಿ ಕಡೆಯದು.

ಈಗ ಮಂಡ್ಯ ಸ್ಟೇಷನ್‌ಗೆ ಬನ್ನಿ. ಬೆಂಗಳೂರು–ಮೈಸೂರು ಲೈನಿನಲ್ಲಿ ನಿಂತರೆ ಹೆಚ್ಚುಕಡಿಮೆ ಎಲ್ಲ ಜಾತಿಯ ರೈಲುಗಳೂ ಕಣ್ಣಿಗೆ ಬೀಳುತ್ತವೆ. 5ರಿಂದ ಶುರುವಾದರೆ ಹಳೇ ಥರದ ಪ್ಯಾಸೆಂಜರ್, ಅಂದರೆ ಎಂಜಿನ್ ಬೇರೆ, ಬೋಗಿ ಬೇರೆ. 6 ಅಂದರೆ ಮೆಮು, ಕರೆಂಟಿನಲ್ಲಿ ಓಡುವ, ಎಂಜಿನ್ ಬೋಗಿಯೊಳಗೇ ಸೇರಿರುವ ರೈಲು. 7 ಅಂದರೆ ಡೆಮು, ಅದರ ಡೀಸೆಲ್ ತಮ್ಮ. ಈ ಮೂರಕ್ಕೂ ಸೀಟು ಕಾಯ್ದಿರಿಸುವ ಪ್ರಶ್ನೆಯೇ ಇಲ್ಲ. ಕಾಯ್ದಿರಿಸುವ ಆ್ಯಪ್‌ನಲ್ಲಿ ಹುಡುಕಿ "ರೈಲೇ ಇಲ್ಲವಲ್ಲ" ಅಂತ ಬಸ್ ಹತ್ತುವವರು ಎಷ್ಟೋ ಜನ. ರೈಲು ಇದೆ ಸ್ವಾಮಿ, ನೀವು ಹುಡುಕಿದ ಜಾಗದಲ್ಲಿಲ್ಲ.

ತೊಂದರೆ ಶುರುವಾಗೋದು ಜನರಲ್ ಟಿಕೆಟ್ ತಗೊಳ್ಳುವಾಗ. ಕೌಂಟರ್ ಆಗಲಿ, ಫೋನಿನ ಆ್ಯಪ್ ಆಗಲಿ, ಮೂರು ಬಗೆ ಇರುತ್ತದೆ: ಆರ್ಡಿನರಿ, ಮೇಲ್/ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್. ಆರ್ಡಿನರಿಗೆ ಕನಿಷ್ಠ ದರ 10 ರೂಪಾಯಿ. ಎಕ್ಸ್‌ಪ್ರೆಸ್‌ಗೆ ಕನಿಷ್ಠ 30. ಸೂಪರ್‌ಫಾಸ್ಟ್ ಆದರೆ ಅದರ ಮೇಲೆ ಇನ್ನೂ 15. ಜನ ಏನು ಮಾಡುತ್ತಾರೆ? ಕಡಿಮೆ ಇರುವುದನ್ನು ಒತ್ತುತ್ತಾರೆ. ಪ್ಲಾಟ್‌ಫಾರ್ಮಿಗೆ ಮೊದಲು ಯಾವ ರೈಲು ಬಂತೋ ಅದಕ್ಕೆ ಹತ್ತುತ್ತಾರೆ. ಅದು 12613 ಅಥವಾ 12614, ಅಂದರೆ ಒಡೆಯರ್ ಎಕ್ಸ್‌ಪ್ರೆಸ್ ಆಗಿದ್ದರೆ ಮುಂದೆ ನಡೆಯೋ ಮಾತು ನಿಮಗೆಲ್ಲ ಗೊತ್ತು.

"ಇದು ಆರ್ಡಿನರಿ ಟಿಕೆಟ್ ಅಲ್ವೇನ್ರೀ, ಇದರಲ್ಲಿ ನಡೆಯಲ್ಲ."

"ಸಾರ್, ಮೈಸೂರಿಗೇ ತಗೊಂಡಿದೀನಿ ನೋಡಿ."

"ಊರು ಸರಿ ಇದೆ, ರೈಲು ಸರಿ ಇಲ್ಲ."

ಇಬ್ಬರದೂ ನಿಜವೇ. ಟಿಕೆಟ್ ಮೇಲೆ ಊರೂ ಇರುತ್ತೆ, ರೈಲಿನ ಬಗೆಯೂ ಇರುತ್ತೆ. ನಾವು ಓದೋದು ಊರನ್ನು ಮಾತ್ರ. ವ್ಯತ್ಯಾಸದ ಹಣ ಕಟ್ಟಬೇಕು, ಮೇಲೆ ದಂಡವೂ ಬೀಳಬಹುದು. ಆದ್ದರಿಂದ ಟಿಕೆಟ್ ಒತ್ತುವ ಮೊದಲು ಬೋರ್ಡ್ ನೋಡಿ. 5, 6, 7 ಆದರೆ ಆರ್ಡಿನರಿ. 16, 17 ಆದರೆ ಎಕ್ಸ್‌ಪ್ರೆಸ್. 12, 20, 22 ಆದರೆ ಸೂಪರ್‌ಫಾಸ್ಟ್. (ವಂದೇ ಭಾರತ್‌ಗೆ ಮಾತ್ರ ಜನರಲ್ ಟಿಕೆಟ್ಟೇ ಇಲ್ಲ, ಆ ಆಸೆ ಬೇಡ.)

ಸೂಪರ್‌ಫಾಸ್ಟ್ ಅನ್ನೋದಕ್ಕೆ ರೈಲ್ವೆಯ ಅಳತೆ ಏನು ಗೊತ್ತಾ? ಬ್ರಾಡ್‌ಗೇಜ್‌ನಲ್ಲಿ ಹೋಗುವಾಗ, ಬರುವಾಗ ಎರಡೂ ಸಲ ಸರಾಸರಿ ಗಂಟೆಗೆ 55 ಕಿಲೋಮೀಟರ್ ಇರಬೇಕು. ಅದೂ ಟೈಮ್ ಟೇಬಲ್‌ನಲ್ಲಿ ಬರೆದಿರುವ ವೇಗ. ರೈಲು ಅವತ್ತು ಎರಡು ಗಂಟೆ ಲೇಟಾಗಿ ಬಂದರೂ ಹೆಚ್ಚುವರಿ ಹಣ ವಾಪಸ್ ಇಲ್ಲ. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಇನ್ನು ಸೊನ್ನೆ. ನಾನು ಬರೆಯೋಕೆ ಕೂತಿದ್ದೇ ಇದಕ್ಕಾಗಿ.

0 ಅಂದರೆ ಸ್ಪೆಷಲ್. ದಸರಾ, ದೀಪಾವಳಿ, ಬೇಸಿಗೆ ರಜೆ ಬಂದಾಗ ಬಿಡುವ ರೈಲು. ಕಾಯಂ ರೈಲಿಗೆ ಟೈಮ್ ಟೇಬಲ್‌ನಲ್ಲಿ ಹಳಿಯ ಮೇಲೆ ಒಂದು ಗೊತ್ತಾದ ಹೊತ್ತು ಇರುತ್ತದೆ. ಸ್ಪೆಷಲ್‌ಗೆ ಹಾಗಿಲ್ಲ, ಇರುವ ರೈಲುಗಳ ನಡುವೆ ಸಂದು ನೋಡಿ ತೂರಿಸಬೇಕು. ಬೋಗಿಗಳೂ ಎಲ್ಲೋ ಬಿಡುವಾಗಿ ನಿಂತಿರುವಂಥವು. ಆ ಬೋಗಿಗಳು ಹಿಂದಿನ ಓಟದಿಂದ ತಡವಾಗಿ ಬಂದರೆ ನಿಮ್ಮ ರೈಲು ಹೊರಡುವುದೇ ತಡ. ಕ್ರಾಸಿಂಗ್‌ನಲ್ಲಿ ನಿಲ್ಲಿಸಬೇಕಾಗಿ ಬಂದರೆ ಮೊದಲು ನಿಲ್ಲುವುದು ಸಾಮಾನ್ಯವಾಗಿ ಸೊನ್ನೆಯೇ. ಮುಂದೆ ಇನ್ನೊಂದು ರೈಲು ಹಿಡಿಯೋದಿದ್ದರೆ ಸ್ಪೆಷಲ್ ನಂಬಿ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ.

ದರ ಇನ್ನೊಂದು ಕಥೆ. ಎಲ್ಲ ಸ್ಪೆಷಲ್‌ಗೂ ಜಾಸ್ತಿ ದರ ಇರಲ್ಲ. ಆದರೆ "ವಿಶೇಷ ದರದ ಸ್ಪೆಷಲ್" ಅಂತ ಬಿಟ್ಟರೆ ಮೂಲ ದರದ ಮೇಲೆ ಸೆಕೆಂಡ್ ಕ್ಲಾಸ್‌ಗೆ ನೂರಕ್ಕೆ 10, ಉಳಿದ ದರ್ಜೆಗಳಿಗೆ ನೂರಕ್ಕೆ 30 ಸೇರುತ್ತದೆ. ಅದಾದರೂ ಪರವಾಗಿಲ್ಲ ಅನ್ನಬಹುದು. ನಿಜವಾದ ಪೆಟ್ಟು ಕನಿಷ್ಠ ದೂರದ್ದು. ಇಂಥ ರೈಲಿನಲ್ಲಿ ನೀವು ಎಷ್ಟೇ ಹತ್ತಿರ ಹೋದರೂ ಸ್ಲೀಪರ್‌ಗೆ 500 ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಿಂದ ಅರಸೀಕೆರೆ ತಗೊಳ್ಳಿ. ದೂರ 200 ಕಿಲೋಮೀಟರ್ ಕೂಡ ಇಲ್ಲ. ಮಾಮೂಲಿ ಎಕ್ಸ್‌ಪ್ರೆಸ್‌ನಲ್ಲಿ ಸ್ಲೀಪರ್ 150 ರೂಪಾಯಿ ಆಸುಪಾಸು. ವಿಶೇಷ ದರದ ಸ್ಪೆಷಲ್‌ನಲ್ಲಿ ಅದೇ ಬರ್ತ್, ಅದೇ ಹಳಿ, 385 ರೂಪಾಯಿ ಆಸುಪಾಸು. ಅರಸೀಕೆರೆಗೂ ಅಷ್ಟೇ, ಹುಬ್ಬಳ್ಳಿಗೂ ಅಷ್ಟೇ. ಹುಬ್ಬಳ್ಳಿಗೆ ಹೋಗುವವನಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತೆ, ಅರಸೀಕೆರೆಯವನಿಗೆ ಎರಡು ಪಟ್ಟು ಮೀರುತ್ತೆ. ಹಬ್ಬಕ್ಕೆ ಊರಿಗೆ ಹೋಗೋ ಅವಸರದಲ್ಲಿ ಸೀಟು ಸಿಕ್ಕಿತಲ್ಲ ಅಂತ ಬುಕ್ ಮಾಡಿ, ಆಮೇಲೆ ದರ ನೋಡಿ ಬೆಚ್ಚಿಬೀಳುವವರು ಇವರೇ. ಹತ್ತಿರದ ಊರಾದರೆ, ಸೊನ್ನೆ ಕಂಡ ಕೂಡಲೇ ಬಸ್ಸಿನ ದರವನ್ನೂ ಒಮ್ಮೆ ನೋಡಿ.

ಈಗ ಆ ಕತ್ತರಿಯ ವಿಷಯ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಪ್ರಯಾಣಿಕರ ರೈಲು ನಿಂತವು. ಮತ್ತೆ ಬಿಟ್ಟಾಗ ಎಲ್ಲವನ್ನೂ ಸ್ಪೆಷಲ್ ಅಂತ ಬಿಟ್ಟರು. ಮೊದಲನೇ ಅಂಕಿ ತೆಗೆದು 0 ಹಾಕಿದರು. 12627 ಹೋಗಿ 02627 ಬಂತು. ಆ ಹೊತ್ತಿಗೆ ಅದು ಅರ್ಥವಾಗುವ ಮಾತೇ, ಯಾವ ರೈಲು ಎಷ್ಟು ದಿನ ಓಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. 2021ರ ನವೆಂಬರ್‌ನಲ್ಲಿ ಮೇಲ್, ಎಕ್ಸ್‌ಪ್ರೆಸ್‌ಗಳಿಗೆ ಹಳೇ ನಂಬರ್ ವಾಪಸ್ ಬಂತು. ಕಾಯ್ದಿರಿಸಿ ಓಡಾಡುವವರು ಅಲ್ಲಿಗೆ ಈ ವಿಷಯ ಮರೆತುಬಿಟ್ಟರು.

ಪ್ಯಾಸೆಂಜರ್, ಮೆಮು, ಡೆಮುಗಳಿಗೆ ಮಾತ್ರ ಸೊನ್ನೆ ಹಾಗೇ ಉಳಿಯಿತು. ದಿನಾ ಓಡುವ ರೈಲು, ಅದೇ ಸಣ್ಣಪುಟ್ಟ ಸ್ಟೇಷನ್‌ಗಳಲ್ಲೆಲ್ಲ ನಿಲ್ಲುವ ರೈಲು. ಆದರೆ ನಂಬರಿನಲ್ಲಿ ಸ್ಪೆಷಲ್, ದರದಲ್ಲಿ ಎಕ್ಸ್‌ಪ್ರೆಸ್. 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಯಿತು. ಮದ್ದೂರಿನಿಂದ ಮಂಡ್ಯಕ್ಕೆ ಕೂಲಿಗೆ ಹೋಗುವವರು, ಕಾಲೇಜು ಮಕ್ಕಳು, ಸೊಪ್ಪು ಮಾರುವವರು ಎಲ್ಲರೂ ಇದನ್ನೇ ಕೊಟ್ಟರು. ಆರ್ಡಿನರಿ ದರ ವಾಪಸ್ ಬಂದಿದ್ದು 2024ರ ಫೆಬ್ರವರಿಯ ಕೊನೆಗೆ. ಮೊದಲನೇ ಅಂಕಿ 5, 6, 7ಕ್ಕೆ ಮರಳಲು ನೈಋತ್ಯ ರೈಲ್ವೆಯಲ್ಲಿ 2025ರ ಜನವರಿ 1ರ ತನಕ ಕಾಯಬೇಕಾಯಿತು. ದರ ಏರಿಸಿದ್ದರೆ ಸಂಸತ್ತಿನಲ್ಲಿ ಗಲಾಟೆ ಆಗುತ್ತಿತ್ತು, ಟಿವಿಯಲ್ಲಿ ಚರ್ಚೆ ಆಗುತ್ತಿತ್ತು. ಇಲ್ಲಿ ದರ ಏರಿಸಲೇ ಇಲ್ಲ, ರೈಲಿನ ಬಗೆ ಬದಲಾಯಿತು, ಅಷ್ಟೇ. ಅದಕ್ಕೇ ಇದು ಹೆಚ್ಚು ಸುದ್ದಿಯಾಗಲಿಲ್ಲ.

ಇನ್ನೊಂದು ರೀತಿಯೂ ಇದೆ. ಪ್ಯಾಸೆಂಜರ್ ರೈಲನ್ನು "ಎಕ್ಸ್‌ಪ್ರೆಸ್ ಆಗಿ ಮೇಲ್ದರ್ಜೆಗೇರಿಸಲಾಗಿದೆ" ಅಂತ ಪ್ರಕಟಣೆ ಬರುತ್ತದೆ. ಮೊದಲನೇ ಅಂಕಿ 5 ಇದ್ದದ್ದು 1 ಆಗುತ್ತದೆ. ಎಷ್ಟು ಸ್ಟಾಪ್ ಕಡಿಮೆಯಾಯಿತು, ಎಷ್ಟು ನಿಮಿಷ ಉಳಿಯಿತು ಅಂತ ಹಳೇ ಟೈಮ್ ಟೇಬಲ್ ಪಕ್ಕ ಇಟ್ಟು ನೋಡಿ. ಅದೇ ಸ್ಟಾಪು, ಅದೇ ಹೊತ್ತು ಇದ್ದರೆ ಮೇಲೇರಿದ್ದು ದರ ಮಾತ್ರ.

8ರ ವಿಷಯದಲ್ಲೂ ಸ್ವಲ್ಪ ಹುಷಾರು. 82ರಿಂದ ಶುರುವಾಗುವ ಸುವಿಧಾ ರೈಲುಗಳಲ್ಲಿ ಟಿಕೆಟ್ ಖರ್ಚಾದ ಹಾಗೆಲ್ಲ ದರ ಏರುತ್ತದೆ. ಶುರುವಾಗುವುದೇ ತತ್ಕಾಲ್ ದರದಿಂದ, ಮೂರು ಪಟ್ಟಿನ ತನಕ ಹೋಗಬಹುದು. ಐಆರ್‌ಸಿಟಿಸಿ ನಡೆಸುವ ಲಖನೌ–ದೆಹಲಿ ತೇಜಸ್ ಕೂಡ 82501. ಒಟ್ಟಿನಲ್ಲಿ 8 ಕಂಡರೆ ದರದ ನಿಯಮ ಬೇರೆ ಅಂತ ತಿಳಿಯಿರಿ. 3 ಕೋಲ್ಕತ್ತ ಲೋಕಲ್, 9 ಮುಂಬೈ ಲೋಕಲ್, 4 ಚೆನ್ನೈ ಮುಂತಾದ ಕಡೆಯ ಲೋಕಲ್. ಮುಂಬೈಯಲ್ಲಿರುವ ನಮ್ಮವರು ಈ 9 ಅನ್ನು ನೋಡಿರೋದೇ ಅಪರೂಪ, ಅಲ್ಲಿ ಬೋರ್ಡಿನಲ್ಲಿ ಸ್ಲೋ, ಫಾಸ್ಟ್ ನೋಡಿದರೆ ಸಾಕು. ಬೆಂಗಳೂರಿಗೆ ಇವ್ಯಾವುದೂ ಬಂದಿಲ್ಲ. ವೈಟ್‌ಫೀಲ್ಡ್ ಕಡೆ ಆಫೀಸಿಗೆ ಹೋಗುವವರು ಹತ್ತುವುದು 6ರ ಮೆಮುವನ್ನೇ.

ನಾನು ರೈಲ್ವೆಯಿಂದ ಕೇಳೋದು ದೊಡ್ಡದೇನಲ್ಲ. ಸ್ಪೆಷಲ್ ರೈಲಿನ ಟಿಕೆಟ್ ಬುಕ್ ಮಾಡುವ ಪರದೆಯಲ್ಲಿ "ಇದು ವಿಶೇಷ ದರದ ರೈಲು, 500 ಕಿಲೋಮೀಟರಿನ ಕನಿಷ್ಠ ದರ ಅನ್ವಯ" ಅಂತ ಕನ್ನಡದಲ್ಲಿ ಒಂದು ಸಾಲು ಹಾಕಲಿ. ಮೂರು ಮೂರು ತಿಂಗಳು ವಿಸ್ತರಣೆ ಮಾಡಿಕೊಂಡು ವರ್ಷಗಟ್ಟಲೆ ಓಡಿಸುವ ಸ್ಪೆಷಲ್‌ಗಳನ್ನು ಕಾಯಂ ಮಾಡಲಿ. ಅಷ್ಟು ದಿನ ಜನ ತುಂಬಿಕೊಂಡೇ ಓಡಿದ ಮೇಲೆ ಅದು ಸ್ಪೆಷಲ್ ಹೇಗಾಗುತ್ತೆ?

ನಿಮ್ಮ ಕಡೆ ಹೀಗೆ ಸೊನ್ನೆಯಲ್ಲೇ ಎಳೆದಾಡುತ್ತಿರುವ ರೈಲು ಇದ್ದರೆ ನಂಬರ್ ಮತ್ತು ಎಲ್ಲಿಂದ ಎಲ್ಲಿಗೆ ಅಂತ ಕೆಳಗೆ ಬರೆಯಿರಿ.